ಪೆಟ್ರೋಲ್ ಹಾಕಿಸಿದರೆ ಕ್ಷಮೆ ಕೇಳಿದಂತಾಯಿತೇ? – ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವೃತ್ತಿ ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಸುಮಾ ಪ್ರೌಢಶಾಲೆಯ ಶಿಕ್ಷಕಿ, ಗಿರೀಶ್ ಅವರದು ಹಾರ್ಡ್‌ವೇರ್ ಅಂಗಡಿ. ಮದುವೆಯಾಗಿ 11 ವರ್ಷ. "ತಪ್ಪು ಯಾರದೇ ಇರಲಿ, ಮೊದಲು ಸೋಲಬೇಕಾದವಳು ನಾನೇ" ಎಂಬುದು ಸುಮಾ ಅವರ ದೂರು. ಕಣ್ಣಿನ ಪೊರೆಯ ಆಪರೇಷನ್ ಆಗಿದ್ದ ಅವರ ತಾಯಿಯನ್ನು ತಪಾಸಣೆಗೆ ಕರೆದೊಯ್ಯಲು ಒಪ್ಪಿದ್ದ ಗಿರೀಶ್ ಅದನ್ನು ಮರೆತಿದ್ದರು. ತಾಯಿ ಕಾದು ಕಾದು ಕೊನೆಗೆ ಆಟೊ ಹಿಡಿದು ಹೋದರು. ಸಂಜೆ ಮಾತೆತ್ತಿದಾಗ ಗಿರೀಶ್, "ನೀನೊಂದು ಫೋನ್ ಮಾಡಬಾರದಿತ್ತಾ?" ಎಂದರು. ಆಮೇಲೆ ಐದು ದಿನ ಮಾತಿಲ್ಲ. ಕಡೆಗೆ ಸುಮಾ ಅವರೇ "ಆಯ್ತು ಬಿಡಿ, ನಂದೇ ತಪ್ಪು" ಎಂದು ಮುಗಿಸಿದರು.

ಇಬ್ಬರೊಂದಿಗೂ ಮೊದಲು ಬೇರೆ ಬೇರೆಯಾಗಿ ಮಾತಾಡಲಾಯಿತು. ಗಿರೀಶ್ ಹೇಳಿದ್ದು ಇನ್ನೊಂದು ಕಥೆ. ಮೂರನೇ ದಿನವೇ ಅವರು ಹೆಂಡತಿಯ ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸಿದ್ದರು, ಅತ್ತೆಯ ಕಣ್ಣಿನ ಡ್ರಾಪ್ಸ್ ತಂದಿಟ್ಟಿದ್ದರು. "ಇನ್ನೇನು, ಕಾಲಿಗೆ ಬೀಳಬೇಕಿತ್ತಾ?"

ಈ ಪ್ರಶ್ನೆಯ ಬೇರು ಅವರ ತಂದೆಯ ಮನೆಯಲ್ಲಿತ್ತು. ಅಲ್ಲಿ ತಪ್ಪು ಮಾಡಿದ ಹುಡುಗ ನೆಂಟರ ಎದುರೇ ಕಿವಿ ಹಿಡಿದು ಬಸ್ಕಿ ಹೊಡೆದು "ತಪ್ಪಾಯ್ತು" ಅನ್ನಬೇಕಿತ್ತು. ಅಂದರೂ ಮುಗಿಯುತ್ತಿರಲಿಲ್ಲ. ತಿಂಗಳುಗಳ ನಂತರವೂ "ಅವತ್ತು ನೀನೇ ಒಪ್ಪಿಕೊಂಡೆಯಲ್ಲ" ಎಂಬ ಮಾತು ಬರುತ್ತಿತ್ತು. ಸುಳ್ಳು ಹೇಳಿದ ತಮ್ಮ ಎಷ್ಟೋ ಸಲ ಪಾರಾಗುತ್ತಿದ್ದ. ಅಮ್ಮನ ಬಳಿ ಅಪ್ಪ ಕ್ಷಮೆ ಕೇಳಿದ್ದನ್ನು ಗಿರೀಶ್ ಒಮ್ಮೆಯೂ ಕಂಡಿರಲಿಲ್ಲ. ಜಗಳದ ಮರುದಿನ ಮಲ್ಲಿಗೆ ಹೂ ಬರುತ್ತಿತ್ತು, ಅಷ್ಟೆ. ಒಪ್ಪಿಕೊಂಡರೆ ಎದುರಿನವರ ಕೈಗೆ ದೊಣ್ಣೆ ಕೊಟ್ಟಂತೆ ಎಂಬುದು ಆ ಮನೆಯ ಪಾಠ. ಮಾತಿನ ಬದಲು ವಸ್ತು ಕೊಟ್ಟು ಮುಗಿಸುವುದನ್ನೂ ಅಲ್ಲೇ ಕಲಿತಿದ್ದರು.

ಹೊರಗಿನಿಂದ ಇದು ಅಹಂಕಾರದಂತೆ ಕಾಣುತ್ತದೆ. ಒಳಗಿರುವುದು ನಾಚಿಕೆ, ಅವಮಾನದ ಭಯ. "ನಾನು ಮಾಡಿದ್ದು ತಪ್ಪು" ಎಂದುಕೊಳ್ಳುವವರು ಸರಿಪಡಿಸಲು ಹೊರಡುತ್ತಾರೆ. "ನಾನೇ ಕೆಟ್ಟವನು" ಅನ್ನಿಸಿದವರು ಅಡಗುತ್ತಾರೆ, ಇಲ್ಲವೇ ತಿರುಗಿ ಬೀಳುತ್ತಾರೆ. ಇದು ಅಹಂಕಾರವೋ ಭಯವೋ ಎಂದು ತಿಳಿಯಲು, ಪರೋಕ್ಷವಾಗಿಯಾದರೂ ಸರಿಪಡಿಸಲು ಯತ್ನಿಸುತ್ತಿದ್ದಾರೆಯೇ ಎಂಬುದೇ ಮುಖ್ಯ ಗುರುತು. ಅಂಥ ಯತ್ನವೇ ಇಲ್ಲದೆ, ಮೌನವನ್ನೇ ಶಿಕ್ಷೆಯಾಗಿ ಬಳಸುತ್ತಿದ್ದರೆ, ಅಥವಾ ಹೆಂಡತಿಗೆ ಗಂಡನ ಭಯವಿದ್ದರೆ, ಮುಂದಿನ ಸಲಹೆಗಳು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಆಕೆಯ ಸುರಕ್ಷತೆ. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ. ಇಬ್ಬರನ್ನೂ ಬೇರೆಯಾಗಿ ಕೇಳಿದ ಮೇಲೆ, ಇಲ್ಲಿ ಆ ಲಕ್ಷಣ ಕಾಣಲಿಲ್ಲ.

ಗಿರೀಶ್ ಅವರಿಗೆ ಮೊದಲು ಹೇಳಿದ್ದು ಬಿಸಿಯಲ್ಲಿ ಕ್ಷಮೆ ಕೇಳಬೇಡಿ ಎಂದು. ಎದೆ ಬಡಿತ ಏರಿ ಮುಖ ಕಾವೇರಿದಾಗ ಬಾಯಿಗೆ ಬರುವುದು ಸಮರ್ಥನೆಯೇ. ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆದರೆ ಎದ್ದು ಹೋಗುವಾಗ "ಒಂಬತ್ತಕ್ಕೆ ಕೂತು ಮಾತಾಡೋಣ" ಎಂದು ಹೊತ್ತು ಹೇಳಿ ಹೋಗಬೇಕು, ಆ ಹೊತ್ತಿಗೆ ಬರಲೂ ಬೇಕು. ಇಲ್ಲದಿದ್ದರೆ ಅದು ಮತ್ತೆ ಮೌನವೇ ಆಗುತ್ತದೆ.

ಆಮೇಲೆ ಮೂರು ವಾಕ್ಯ: ಮಾಡಿದ್ದೇನು, ಅದರಿಂದ ಅವರಿಗೆ ಆದದ್ದೇನು, ಇನ್ನು ಮಾಡುವುದೇನು. "ಕರೆದುಕೊಂಡು ಹೋಗ್ತೀನಿ ಅಂದು ಮರೆತೆ. ಅಮ್ಮ ಕಾಯಬೇಕಾಯ್ತು, ನಿನಗೆ ಅವರ ಮುಂದೆ ತಲೆತಗ್ಗಿಸೋ ಹಾಗಾಯ್ತು. ಮುಂದಿನ ತಪಾಸಣೆಗೆ ಫೋನಲ್ಲಿ ಅಲಾರಂ ಇಟ್ಟಿದ್ದೀನಿ." "ಆದರೆ" ಎಂಬ ಪದ ಬಂದರೆ ಹಿಂದಿನದೆಲ್ಲ ನೀರುಪಾಲು. "ನಿನಗೆ ಬೇಜಾರಾಗಿದ್ದರೆ ಸಾರಿ" ಎಂಬುದೂ ಲೆಕ್ಕಕ್ಕಿಲ್ಲ, ತಪ್ಪು ಆಗ ಕೇಳುವವರ ಬೇಜಾರಿನ ಮೇಲೆ ಹೋಗಿ ಕೂರುತ್ತದೆ. ಬಾಯಿಗೆ ಬಾರದಿದ್ದರೆ ಮೊದಲ ಕೆಲವು ಸಲ ಬರೆದು ಕೊಡಬಹುದು. ಅಭ್ಯಾಸ ಶುರುವಾಗಬೇಕಾದದ್ದು ಹಾಲು ತರಲು ಮರೆತಂಥ ಸಣ್ಣ ಸಂಗತಿಗಳಿಂದ. ದೊಡ್ಡ ಜಗಳದಲ್ಲೇ ಮೊದಲ ಪ್ರಯತ್ನ ಮಾಡಿದವರು ಸಾಮಾನ್ಯವಾಗಿ ಸೋಲುತ್ತಾರೆ.

ಸುಮಾ ಅವರ ಕೆಲಸವೂ ಕಡಿಮೆಯದಲ್ಲ. ಮೊದಲ ಸಲ ಗಿರೀಶ್ ಚೀಟಿ ಬರೆದಾಗ ಅವರು "ಅಬ್ಬಾ, ಹನ್ನೊಂದು ವರ್ಷಕ್ಕೆ ಬಾಯಿ ಬಿಟ್ಟಿರಲ್ಲ!" ಅಂದರು. ಆ ಮಾತಿನಲ್ಲಿ ನ್ಯಾಯವಿತ್ತು, ಆದರೆ ಗಿರೀಶ್ ಅವರ ಕಿವಿಗೆ ಬಿದ್ದದ್ದು ಅಪ್ಪನ ದನಿ. ಎರಡು ವಾರ ಮತ್ತೆ ಏನೂ ಇಲ್ಲ. ಹಾಗಾಗಿ ಒಪ್ಪಂದವಾಯಿತು: ಒಪ್ಪಿಕೊಂಡ ದಿನ ಹಳೆಯ ಲೆಕ್ಕ ತೆಗೆಯುವಂತಿಲ್ಲ, ನೆಂಟರ ಮುಂದೆ ಎಂದೂ ಆಡುವಂತಿಲ್ಲ. "ಕೇಳಿಸಿಕೊಂಡೆ" ಅಂದರೆ ಸಾಕು. ತಕ್ಷಣ ಕ್ಷಮಿಸಲೇಬೇಕೆಂಬ ಬಲವಂತ ಅವರಿಗೂ ಇಲ್ಲ. ಜೊತೆಗೆ, ಮೌನ ಮುರಿಯಲೆಂದು ತಮ್ಮದಲ್ಲದ ತಪ್ಪನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು. ಅದರ ಬದಲು, "ಪೆಟ್ರೋಲ್ ಹಾಕಿಸಿದ್ದು ಗೊತ್ತಾಯ್ತು. ನನಗೆ ಮಾತೂ ಬೇಕು" ಎನ್ನಬಹುದು.

ಆರನೇ ಭೇಟಿಯ ಹೊತ್ತಿಗೆ ಐದು ದಿನದ ಮೌನ ಒಂದು ದಿನಕ್ಕೆ ಇಳಿದಿತ್ತು. ಹಾಲು, ಬಿಲ್ಲು, ತಡವಾಗಿ ಬಂದದ್ದು – ಇಂಥವನ್ನು ಗಿರೀಶ್ ಬಾಯಲ್ಲೇ ಹೇಳುತ್ತಿದ್ದರು. ತಂದೆ ಮನೆಗೆ ಬಂದಿದ್ದ ವಾರ ಮಾತ್ರ ಒಂದೂ ಹೊರಡಲಿಲ್ಲ. ಮುಂದಿನ ಭೇಟಿಗಳನ್ನು ಅದಕ್ಕೆ ಮೀಸಲಿಡಲಾಗಿದೆ.