ಲೆಗ್ಗಿಂಗ್ಸ್ ಬಟ್ಟೆಯಲ್ಲಿ ಹೊಲಿಗೆ ಬಿಡುತ್ತಿದ್ದರೆ ಮೊದಲು ಸೂಜಿ ನೋಡಿ

"ಮನೆಯ ಜಿಗ್‌ಜ್ಯಾಗ್ ಮೆಷಿನ್. ಹತ್ತಿ ಬಟ್ಟೆಗೆ ಏನೂ ತೊಂದರೆ ಇಲ್ಲ. ಮಗಳಿಗೆ ಲೆಗ್ಗಿಂಗ್ಸ್ ಹೊಲಿಯೋಕೆ ಕೂತರೆ ನಾಲ್ಕು ಹೊಲಿಗೆ ಬಿದ್ದು ಒಂದು ಬಿಟ್ಟುಹೋಗುತ್ತೆ. ಹೊಸ ಸೂಜಿ ಹಾಕಿದೆ, ಎಣ್ಣೆ ಬಿಟ್ಟೆ, ಟೆನ್ಶನ್ ಎಲ್ಲಾ ತಿರುಗಿಸಿ ನೋಡಿದೆ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮೆಷಿನ್ ಹೊತ್ಕೊಂಡು ಹೋಗೋ ಮೊದಲು ಮನೇಲೇ ಏನಾದರೂ ನೋಡಬಹುದಾ?"

ಖಂಡಿತ ನೋಡಬಹುದು ಅಕ್ಕ. ಹತ್ತಿಗೆ ಸರಿಯಾಗಿ ಹೊಲಿದು ಲೈಕ್ರಾಗೆ ಮಾತ್ರ ಬಿಡುತ್ತಿದೆ ಅಂದರೆ ಮೆಷಿನ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಹೊಸ ಸೂಜಿ ಹಾಕಿದೆ ಅಂದಿದ್ದೀರಿ, ಯಾವ ಸೂಜಿ ಅಂತ ಬರೆದಿಲ್ಲ. ನನಗೆ ಅನುಮಾನ ಅಲ್ಲೇ. ಅಂಗಡಿಯಲ್ಲಿ ಸುಮ್ನೆ ಸೂಜಿ ಕೊಡಿ ಅಂದರೆ ಮಾಮೂಲಿ 14 ಅಥವಾ 16ನೇ ನಂಬರ್ ಕೊಡುತ್ತಾರೆ. ಬ್ಲೌಸಿಗೆ, ಚೂಡಿದಾರಕ್ಕೆ ಅದು ಸಾಕು. ಲೆಗ್ಗಿಂಗ್ಸ್ ಬಟ್ಟೆಗೆ ಅದು ಹೊಸದಾದರೂ ಆಗುವುದಿಲ್ಲ.

ಯಾಕೆ ಅಂತ ನೀವೇ ಕಣ್ಣಾರೆ ನೋಡಬಹುದು. ಸೂಜಿಯಿಂದ ದಾರ ತೆಗೆಯಿರಿ. ಲೆಗ್ಗಿಂಗ್ಸ್ ಬಟ್ಟೆಯ ತುಂಡನ್ನು ಎರಡು ಪದರ ಮಾಡಿ ಫುಟ್ ಕೆಳಗೆ ಇಟ್ಟು, ವೀಲನ್ನು ಕೈಯಿಂದ ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ. ಸೂಜಿ ಪೂರ್ತಿ ಕೆಳಗೆ ಹೋಗಿ ಮೇಲೆ ಬರಲು ಶುರು ಮಾಡಿದಾಗ ಸೂಜಿಯ ಬುಡದಲ್ಲಿ ಬಟ್ಟೆ ಏನು ಮಾಡುತ್ತದೆ ನೋಡಿ. ಹತ್ತಿ ಬಟ್ಟೆ ಅಲ್ಲೇ ಮಲಗಿರುತ್ತದೆ, ಸೂಜಿ ಮಾತ್ರ ಮೇಲೆ ಬರುತ್ತದೆ. ಲೈಕ್ರಾ ಹಾಗಲ್ಲ. ಸೂಜಿಯನ್ನು ಬಿಗಿಯಾಗಿ ಹಿಡಿದುಕೊಂಡು ತಾನೂ ಒಂದಿಷ್ಟು ಮೇಲೆದ್ದು, ಆಮೇಲೆ ಪಟ್ ಅಂತ ಕೆಳಗೆ ಬೀಳುತ್ತದೆ.

ಹೊಲಿಗೆ ಬಿಡುವುದು ಆ ಒಂದು ಕ್ಷಣದಲ್ಲೇ. ಸೂಜಿ ತಳ ಮುಟ್ಟಿ ಎರಡು ಮಿಲಿಮೀಟರಿನಷ್ಟು ಮೇಲೆ ಬರುವಾಗ, ಬಟ್ಟೆ ದಾರವನ್ನು ತಡೆದು ಹಿಡಿಯುತ್ತದೆ. ಹಾಗೆ ಉಳಿದ ದಾರ ಸೂಜಿಯ ಹಿಂದೆ ಸಣ್ಣ ಕುಣಿಕೆಯಾಗಿ ಹೊರಗೆ ಉಬ್ಬುತ್ತದೆ. ಕೆಳಗೆ ಬಾಬಿನ್ ಸುತ್ತ ತಿರುಗುವ ಶಟಲ್ಲಿನ ಮೊನೆ ಬಂದು ಆ ಕುಣಿಕೆಯೊಳಗೆ ತೂರಿ ಕೆಳದಾರದ ಸುತ್ತ ಎಳೆದರೆ ಒಂದು ಹೊಲಿಗೆ ಆಯಿತು. ಬಟ್ಟೆಯೇ ಸೂಜಿ ಜೊತೆ ಮೇಲೆ ಬಂದರೆ ದಾರ ಸಡಿಲವಾಗುವುದೇ ಇಲ್ಲ, ಕುಣಿಕೆಯೂ ಇಲ್ಲ. ಮೊನೆ ಖಾಲಿ ಜಾಗದಲ್ಲಿ ಸುತ್ತಿ ಹೋಗುತ್ತದೆ. ಹಾಗಾಗಿ ನಾವು ಮಾಡಬೇಕಾದದ್ದು ಎರಡೇ. ಬಟ್ಟೆ ಸೂಜಿಗೆ ಅಂಟದ ಹಾಗೆ ನೋಡಿಕೊಳ್ಳಬೇಕು, ಮೇಲೆ ಏಳದ ಹಾಗೆ ಹಿಡಿಯಬೇಕು.

ಮೊದಲು ಸೂಜಿ. ಅಂಗಡಿಯಲ್ಲಿ ಸ್ಟ್ರೆಚ್ ಸೂಜಿ ಅಂತ ಕೇಳಿ. ಅರ್ಥವಾಗದಿದ್ದರೆ ಪ್ಯಾಕೆಟ್ ಮೇಲೆ 'ಎಚ್‌ಎ ಎಕ್ಸ್ 1 ಎಸ್‌ಪಿ' ಅಂತ ಬರೆದಿರುವುದನ್ನು ಹುಡುಕಿ. ಕೊನೆಯ ಎಸ್‌ಪಿ ಮುಖ್ಯ, ಅದಿಲ್ಲದ ಪ್ಯಾಕೆಟ್ ಮಾಮೂಲಿ ಸೂಜಿಯದು. ನಂಬರ್ 11 ತೆಗೆದುಕೊಳ್ಳಿ, ಕೆಲವು ಪ್ಯಾಕೆಟ್ಟಿನಲ್ಲಿ 75 ಅಂತಲೂ ಇರುತ್ತದೆ, ಎರಡೂ ಒಂದೇ. ಹಳೇ ಸೂಜಿಯನ್ನೂ ಇದನ್ನೂ ಪಕ್ಕಪಕ್ಕ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಕಣ್ಣಿನ ಮೇಲ್ಭಾಗದಲ್ಲಿ, ಹಿಂದಿನ ಕಡೆ, ಸೂಜಿಯನ್ನು ಸ್ವಲ್ಪ ಕೊರೆದ ಹಾಗೆ ಇರುತ್ತದಲ್ವಾ, ಸ್ಟ್ರೆಚ್ ಸೂಜಿಯಲ್ಲಿ ಆ ಕೊರೆತ ಜಾಸ್ತಿ ಆಳ. ಶಟಲ್ ಮೊನೆ ದಾರದ ಹತ್ತಿರ ಬರಲು ಅಷ್ಟು ಜಾಗ ಸಿಗುತ್ತದೆ, ಸಣ್ಣ ಕುಣಿಕೆಯೂ ಕೈತಪ್ಪುವುದಿಲ್ಲ. ತುದಿಯೂ ಸ್ವಲ್ಪ ದುಂಡಗಿರುತ್ತದೆ. ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಅಂಗಡಿಯವರು ಬಾಲ್ ಪಾಯಿಂಟ್ ಕೊಟ್ಟರೆ ಬನಿಯನ್ ಬಟ್ಟೆಗೆ, ಟೀ ಶರ್ಟಿಗೆ ಸರಿಹೋಗುತ್ತದೆ. ಲೈಕ್ರಾ ಜಾಸ್ತಿ ಇರುವ ಲೆಗ್ಗಿಂಗ್ಸಿಗೆ ಸ್ಟ್ರೆಚ್ ಸೂಜಿಯೇ ಬೇಕು.

ಹಾಕುವಾಗ ಚಪ್ಪಟೆ ಕಡೆ ಹಿಂದಕ್ಕೆ, ಸೂಜಿ ಪೂರ್ತಿ ಮೇಲೆ ಹೋಗಿ ತಟ್ಟಬೇಕು. ಕೂದಲೆಳೆಯಷ್ಟು ಕೆಳಗೆ ನಿಂತರೂ ಲೈಕ್ರಾ ಕ್ಷಮಿಸುವುದಿಲ್ಲ. ಇನ್ನೊಂದು, ನಿಮ್ಮ ಕಡೆ ಮಳೆಗಾಲದಲ್ಲಿ ಮೆಷಿನ್ನಿನಲ್ಲೇ ಬಿಟ್ಟ ಸೂಜಿಗೆ ಬೇಗ ತುಕ್ಕು ಹಿಡಿಯುತ್ತದೆ. ಉಗುರಿನಿಂದ ಸವರಿದರೆ ತರಿತರಿ ಅನಿಸುತ್ತದೆ. ಅಂಥ ಸೂಜಿಗೆ ಬಟ್ಟೆ ಇನ್ನೂ ಜಾಸ್ತಿ ಅಂಟುತ್ತದೆ. ಕೆಲಸ ಮುಗಿದ ಮೇಲೆ ಸ್ಟ್ರೆಚ್ ಸೂಜಿಯನ್ನು ತೆಗೆದು ಒರೆಸಿ ಡಬ್ಬಿಯಲ್ಲಿಡಿ.

ಇದೇ ಪ್ರಶ್ನೆಗೆ ಉತ್ತರ ಬರೆದ ಒಬ್ಬ ಅಣ್ಣ ಟೆನ್ಶನ್ ಕಡಿಮೆ ಮಾಡಿ ಅಂದಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಮೇಲ್ದಾರ ತುಂಬಾ ಬಿಗಿಯಿದ್ದರೆ ಕುಣಿಕೆ ಸಣ್ಣದಾಗುತ್ತದೆ, ಅದರಿಂದಲೂ ಹೊಲಿಗೆ ಬಿಡಬಹುದು. ಹಾಗಾಗಿ ಹತ್ತಿಗೆ ಇಡುವುದಕ್ಕಿಂತ ಒಂದು ನಂಬರ್ ಕಡಿಮೆ ಇಟ್ಟುಕೊಳ್ಳಿ. ಆದರೆ ಅಷ್ಟರಿಂದಲೇ ಇದು ಸರಿಹೋಗುವುದಿಲ್ಲ. ಬರೀ ಟೆನ್ಶನ್ ತಪ್ಪಿದ್ದರೆ ಸಾಮಾನ್ಯವಾಗಿ ಪ್ರತಿ ಹೊಲಿಗೆಯೂ ಬಿದ್ದಿರುತ್ತದೆ, ಮೇಲೋ ಕೆಳಗೋ ದಾರ ಸಡಿಲವಾಗಿ ಗಂಟುಗಂಟಾಗಿ ಕಾಣುತ್ತದೆ. ಹೊಲಿಗೆ ಬಿಟ್ಟಿದ್ದರೆ ದಾರ ಒಂದು ಕಡೆ ಉದ್ದಕ್ಕೆ ಮಲಗಿರುತ್ತದೆ, ಅದರ ಕೆಳಗೆ ಸೂಜಿ ಚುಚ್ಚಿದ ತೂತು ಖಾಲಿ ಇರುತ್ತದೆ. ಹೊಲಿಗೆ ಎಲ್ಲ ಸರಿಯಾಗಿ ಬಿದ್ದು, ಲೆಗ್ಗಿಂಗ್ಸ್ ಹಾಕಿ ಕೂತಾಗ ಪಟಪಟ ಕಿತ್ತುಬಂದರೆ ಅದು ಬೇರೆಯೇ. ಅಲ್ಲಿ ನೇರ ಹೊಲಿಗೆಗೆ ಹಿಗ್ಗುವ ಶಕ್ತಿ ಇಲ್ಲದೆ ದಾರ ತುಂಡಾಗಿರುತ್ತದೆ. ನಿಮ್ಮದು ಜಿಗ್‌ಜ್ಯಾಗ್ ಮೆಷಿನ್ ಆದ್ದರಿಂದ ಎರಡಕ್ಕೂ ಸೇರಿ ಉಪಾಯ ಇದೆ. ಅಗಲ ಅರ್ಧದಿಂದ ಒಂದು, ಉದ್ದ ಎರಡೂವರೆ ಇಡಿ. ನೋಡಲು ನೇರ ಹೊಲಿಗೆಯ ಹಾಗೇ ಇರುತ್ತದೆ, ಎಳೆದರೆ ಹಿಗ್ಗುತ್ತದೆ.

ಈಗ ಬಟ್ಟೆ ಮೇಲೇಳದ ಹಾಗೆ ಹಿಡಿಯುವುದು. ಜಿಗ್‌ಜ್ಯಾಗ್ ಪ್ಲೇಟಿನ ತೂತು ಅಗಲವಾಗಿರುತ್ತದೆ. ಸೂಜಿ ನಡುವೆ ಇಳಿದಾಗ ಬಟ್ಟೆಗೆ ಎರಡೂ ಪಕ್ಕದಲ್ಲಿ ಆಧಾರ ಇಲ್ಲ. ತೆಳು ಬಟ್ಟೆ ಆ ತೂತಿನೊಳಗೇ ಇಳಿದು, ಸೂಜಿ ಜೊತೆಗೇ ಮೇಲೆ ಬರುತ್ತದೆ. ನಿಮ್ಮ ಮೆಷಿನ್ನಿನಲ್ಲಿ ಎಡಗಡೆ ಸೂಜಿಯ ನೇರ ಹೊಲಿಗೆ ಇದ್ದರೆ ಒಂದು ಸಾಲು ಹೊಲಿದು ನೋಡಿ. ಸೂಜಿ ತೂತಿನ ಅಂಚಿಗೆ ಬರುವುದರಿಂದ ಬಟ್ಟೆಗೆ ಒಂದು ಕಡೆಯಾದರೂ ಆಸರೆ ಸಿಗುತ್ತದೆ. ಸೂಜಿ ನಡುವೆ ಇದ್ದಾಗ ಹೊಲಿಗೆ ಬಿಟ್ಟು, ಎಡಕ್ಕಿದ್ದಾಗ ಬಿಡದಿದ್ದರೆ ತೊಂದರೆ ಬಟ್ಟೆ ಏಳುವುದರಲ್ಲೇ ಇದೆ ಅಂತ ಖಾತ್ರಿಯಾಗುತ್ತದೆ. ಆಗ ಬಟ್ಟೆಯ ಕೆಳಗೆ ಬಟರ್ ಪೇಪರಿನ ಪಟ್ಟಿ ಇಟ್ಟು ಹೊಲಿಯಿರಿ, ಆಮೇಲೆ ಹೊಲಿಗೆಯನ್ನು ಬೆರಳಿನಿಂದ ಹಿಡಿದುಕೊಂಡು ಪೇಪರ್ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಬೇಡ, ತಿಳಿ ಬಣ್ಣದ ಬಟ್ಟೆಗೆ ಶಾಯಿ ಹತ್ತುತ್ತದೆ. ಫುಟ್ ಒತ್ತಡದ ಸ್ಕ್ರೂ ಇರುವ ಮೆಷಿನ್ ಆದರೆ ಅರ್ಧ ಸುತ್ತು ಬಿಗಿ ಮಾಡಬಹುದು. ಜಾಸ್ತಿ ಬಿಗಿ ಮಾಡಿದರೆ ಹೊಲಿದ ಅಂಚು ಅಲೆಅಲೆಯಾಗಿ ಹಿಗ್ಗಿಬಿಡುತ್ತದೆ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ. ಎಳೆದರೆ ಸೂಜಿ ಬಾಗಿ ಶಟಲ್ ಮೊನೆಯಿಂದ ದೂರವಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇಲ್ಲಿ ಹಾಸನದಲ್ಲಿ ನಮ್ಮ ಬೀದಿಯ ಒಬ್ಬರು ಶಾಲೆಯ ಡ್ಯಾನ್ಸಿಗೆ ಮಕ್ಕಳ ಲೆಗ್ಗಿಂಗ್ಸ್ ಹೊಲಿಯಲು ಒಪ್ಪಿಕೊಂಡಿದ್ದರು. ಉದ್ದಕ್ಕೂ ಹೊಲಿಗೆ ಬಿಡುತ್ತಿತ್ತು. ಅವರ ಮೆಷಿನ್ನಿನಲ್ಲಿ ಇದ್ದದ್ದು ಮಾಮೂಲಿ 16ನೇ ನಂಬರ್ ಸೂಜಿ. ಎಸ್‌ಪಿ 11 ಹಾಕಿ, ಮೇಲೆ ಕೆಳಗೆ ಎರಡಕ್ಕೂ ಒಂದೇ ತೆಳು ಪಾಲಿಯೆಸ್ಟರ್ ದಾರ ಹಾಕಿದ ಮೇಲೆ ಕಾಲಿನ ಉದ್ದದ ಹೊಲಿಗೆ ಪೂರ್ತಿ ಸರಿಹೋಯಿತು. ಆದರೆ ನಾಲ್ಕು ಹೊಲಿಗೆ ಬಂದು ಸೇರುವ ಕಾಲ ಸಂದಿನಲ್ಲಿ ಇನ್ನೂ ಬಿಡುತ್ತಿತ್ತು. ಅಲ್ಲಿ ದಪ್ಪ ಏರುವಾಗ ಫುಟ್ಟಿನ ಮುಂಭಾಗ ಮೇಲೆದ್ದು, ಸೂಜಿಯ ಹತ್ತಿರ ಬಟ್ಟೆಯ ಮೇಲೆ ಒತ್ತಡವೇ ಇರುವುದಿಲ್ಲ. ಫುಟ್ ಹಿಂದೆ ಅದೇ ಬಟ್ಟೆಯ ತುಂಡನ್ನು ಅಷ್ಟೇ ದಪ್ಪಕ್ಕೆ ಮಡಿಸಿ ಇಟ್ಟು ಫುಟ್ ಸಮ ಮಾಡಿ, ಆ ಒಂದು ಇಂಚನ್ನು ಮೋಟಾರ್ ಬಿಟ್ಟು ಕೈಯಿಂದ ವೀಲ್ ತಿರುಗಿಸಿ ಹೊಲಿದರು. ಸರಿಹೋಯಿತು.

ಉಳಿದದ್ದು ಸೊಂಟದ ಇಲಾಸ್ಟಿಕ್. ಅಗಲ ಜಿಗ್‌ಜ್ಯಾಗ್ ಹಾಕಿದರೆ ಒಂದೇ ಕಡೆಯ ಮೂಲೆ ಬಿಡುತ್ತಿತ್ತು, ಇನ್ನೊಂದು ಕಡೆ ಪ್ರತಿ ಸಲವೂ ಸರಿಯಾಗಿ ಬೀಳುತ್ತಿತ್ತು. ಹತ್ತಿಗೆ ಹಾಕಿ ನೋಡಿದರೂ ಅಗಲ ಜಾಸ್ತಿ ಇಟ್ಟಾಗ ಅಲ್ಲೊಂದು ಇಲ್ಲೊಂದು ಅದೇ ಮೂಲೆ ಬಿಡುತ್ತಿತ್ತು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮೆಕ್ಯಾನಿಕ್ ನೋಡಿದಾಗ ಸೂಜಿಯನ್ನು ಹಿಡಿದಿರುವ ನೀಡಲ್ ಬಾರ್ ಸ್ವಲ್ಪ ಮೇಲೆ ಸರಿದಿತ್ತು. ಹಿಂದೊಮ್ಮೆ ಜೀನ್ಸ್ ಹೊಲಿಯುವಾಗ ಸೂಜಿ ಬಟನ್ನಿಗೆ ಹೊಡೆದು ಮುರಿದಿತ್ತಂತೆ. ಬಾರ್ ಮೇಲೆ ಸರಿದರೆ ಸೂಜಿಯ ಕಣ್ಣೂ ಮೇಲೆ ಹೋಗುತ್ತದೆ, ಶಟಲ್ ಮೊನೆ ಕುಣಿಕೆಯ ಕೆಳಗೆ ಹಾದುಹೋಗುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಇಳಿಸಿದ್ದು, ಎರಡು ಕಡೆಯೂ ಬಿತ್ತು. ನಿಮಗೂ ಹೊಸ ಎಸ್‌ಪಿ ಸೂಜಿ ಹಾಕಿದ ಮೇಲೂ ಒಂದೇ ಕಡೆ ಬಿಟ್ಟರೆ, ಅಥವಾ ಹತ್ತಿಗೂ ಬಿಡಲು ಶುರುವಾದರೆ ಆಗ ಚಿಕ್ಕಮಗಳೂರಿಗೆ ತೆಗೆದುಕೊಂಡು ಹೋಗಿ. ಬಿಟ್ಟ ಹೊಲಿಗೆ ಇರುವ ತುಂಡನ್ನೂ ಜೊತೆಗೆ ಒಯ್ಯಿರಿ, ಅವರು ಹತ್ತಿಗೆ ಹೊಲಿದು ಸರಿ ಇದೆ ಅಂತ ವಾಪಸ್ ಕೊಡಬಾರದು.

ಪವರ್ ಮೆಷಿನ್ನಿನಲ್ಲಿ ದಾರ ಹರಿಯುತ್ತದೆ ಅಂತ ಇಲ್ಲೇ ಬರೆದಿರುವ ಇನ್ನೊಬ್ಬ ಅಕ್ಕನಿಗೆ ಒಂದು ಮಾತು. ನಿಮ್ಮದು ಬೇರೆ ತೊಂದರೆ, ಬೇರೆಯಾಗಿ ಕೇಳಿ. ಈ ಎಸ್‌ಪಿ ಸೂಜಿ ತಂದು ನಿಮ್ಮ ಮೆಷಿನ್ನಿಗೆ ಹಾಕಬೇಡಿ. ನಿಮ್ಮದು ಗುಂಡು ಬುಡದ ಡಿಬಿ ಸೂಜಿ, ಇದು ಚಪ್ಪಟೆ ಬುಡದ್ದು. ಡಿಬಿಯಲ್ಲೇ ಬಾಲ್ ಪಾಯಿಂಟ್ ಸಿಗುತ್ತದೆ.

ಅರಸೀಕೆರೆಯ ಮೆಕ್ಯಾನಿಕ್ ಅಣ್ಣ 11 ಬೇಡ, 14 ಹಾಕಿ ಅಂದಿದ್ದಾರೆ. ದಪ್ಪ ಸೂಜಿ ಬಾಗುವುದಿಲ್ಲ, ತೂತು ದೊಡ್ಡದಾಗಿ ಬಟ್ಟೆ ಸೂಜಿಯನ್ನು ಬೇಗ ಬಿಡುತ್ತದೆ ಅನ್ನುವುದು ಅವರ ಲೆಕ್ಕ. ಟ್ರ್ಯಾಕ್ ಪ್ಯಾಂಟಿನಂಥ ದಪ್ಪ ಬಟ್ಟೆಗೆ ನಾನೂ ಒಪ್ಪುತ್ತೇನೆ, ಎಸ್‌ಪಿಯಲ್ಲೇ 14 ಇದೆ. ತೆಳು ಲೆಗ್ಗಿಂಗ್ಸಿಗೆ 14 ಹಾಕಿದರೆ ಹೊಲಿಗೆ ಎಳೆದಾಗ ತೂತು ಕಾಣುತ್ತದೆ. ಅದಕ್ಕೇ ನಾನು 11ರಿಂದ ಶುರು ಮಾಡಿ ಅನ್ನುತ್ತೇನೆ. ಈ ವಿಷಯದಲ್ಲಿ ಅವರಿಗೂ ನನಗೂ ಮುಂಚಿನಿಂದಲೂ ವಾದ ಇದೆ. ಎರಡೂ ನಂಬರಿನ ಸೂಜಿ ಸಿಕ್ಕರೆ ತನ್ನಿ.

ಸೂಜಿ ಬದಲಾಯಿಸಿದ ಮೇಲೆ ಒಂದು ಗೇಣು ಉದ್ದದ ತುಂಡಿಗೆ, ಬಟ್ಟೆ ಜಾಸ್ತಿ ಹಿಗ್ಗುವ ದಿಕ್ಕಿನಲ್ಲಿ ಹೊಲಿದು, ಮೇಲಿನ ಮತ್ತು ಕೆಳಗಿನ ಎರಡೂ ಬದಿಯ ಫೋಟೋ ಹಾಕಿ. ಮೆಷಿನ್ನಿನ ಮಾಡೆಲ್ ಕೂಡ ಬರೆಯಿರಿ. ಎಡಗಡೆ ಸೂಜಿಯ ಹೊಲಿಗೆ ಅದರಲ್ಲಿ ಯಾವ ನಂಬರಿಗೆ ಬರುತ್ತದೆ ಅಂತ ಹೇಳುತ್ತೇನೆ.