ಶ್ರೀರಂಗಪಟ್ಟಣದಲ್ಲೇ ಬಸ್ ಇಳಿದುಬಿಟ್ಟವರು

“ಮೇಡಂ, ನನಗೆ ನಾಲ್ಕು ಜನರ ಮುಂದೆ ಮಾತಾಡೋದು ಕಲಿಸಿಕೊಡಿ” ಎಂದೇ ಸಲಹೆಗೆಂದು ನನ್ನ ಬಳಿ ಬಂದ ಅವರು ಶುರು ಮಾಡಿದರು. ಮಂಡ್ಯದವರು, ವಯಸ್ಸು ನಲವತ್ತರ ಹತ್ತಿರ. ಹನ್ನೊಂದು ವರ್ಷ ಒಬ್ಬ ಆಡಿಟರ್ ಬಳಿ ದುಡಿದು, ಹಿಂದಿನ ವರ್ಷ ಸ್ವಂತ ಕಚೇರಿ ತೆರೆದಿದ್ದರು. ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ, ಅಂಗಡಿಗಳ ಲೆಕ್ಕ ಬರೆಯುವ ಕೆಲಸ. ಕೈಯಲ್ಲಿದ್ದದ್ದು ಏಳು ಗಿರಾಕಿಗಳು, ಅದರಲ್ಲಿ ಐವರು ನೆಂಟರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಯಾರದೋ ಮಾತು ಕೇಳಿ ಮೈಸೂರಿನಲ್ಲಿ ವಾರಕ್ಕೊಮ್ಮೆ ನಡೆಯುವ ವ್ಯಾಪಾರಸ್ಥರ ಬೆಳಗಿನ ಸಭೆಗೆ ಸೇರಿದ್ದರಂತೆ. ನಲವತ್ತು ಜನ, ಒಬ್ಬೊಬ್ಬರಿಗೆ ಒಂದು ನಿಮಿಷದ ಪರಿಚಯ, ಆಮೇಲೆ ವಿಸಿಟಿಂಗ್ ಕಾರ್ಡ್ ಹಂಚಾಟ. ಮೂರು ವಾರ ಹೋದರು. ನಾಲ್ಕನೇ ವಾರ ಶ್ರೀರಂಗಪಟ್ಟಣದಲ್ಲೇ ಬಸ್ ಇಳಿದು ವಾಪಸ್ ಹೋದರು. ಅಂದಿನಿಂದ ‘ನನ್ನಂಥವನಿಗೆ ಸ್ವಂತ ಕಸುಬು ಆಗೋದಿಲ್ಲ’ ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು.

ಇಂಥವರು ಬಂದಾಗ ನಾನು ಮೊದಲು ನೋಡುವುದು, ಇದು ಸ್ವಭಾವವೋ ಭಯವೋ ಎಂದು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಸಭೆಯ ಹಿಂದಿನ ರಾತ್ರಿ ನಿದ್ದೆ ಬರುತ್ತಿತ್ತೇ? ಬೇಕಾದ ಫೋನ್ ಕರೆಯನ್ನೂ ಮುಂದಕ್ಕೆ ಹಾಕುತ್ತೀರಾ? ಜನ ನನ್ನನ್ನು ನೋಡಿ ನಗುತ್ತಾರೆ, ಅವಮಾನ ಆಗುತ್ತದೆ ಎನ್ನಿಸುತ್ತದೆಯೇ? ಇವು ಆರು ತಿಂಗಳು, ಅದಕ್ಕೂ ಹೆಚ್ಚು ಕಾಲ ಬದುಕನ್ನು ಕಟ್ಟಿಹಾಕಿದ್ದರೆ ಸಾಮಾಜಿಕ ಆತಂಕದ ಚಿಕಿತ್ಸೆಯತ್ತ ಯೋಚಿಸಬೇಕಾಗುತ್ತದೆ. ಇವರಿಗೆ ನಿದ್ದೆ ಬರುತ್ತಿತ್ತು, ಫೋನೂ ಮಾಡುತ್ತಿದ್ದರು. ಗದ್ದಲದಲ್ಲಿ ಅರ್ಧ ಗಂಟೆ ಕಳೆದರೆ ಸುಸ್ತಾಗುತ್ತಿತ್ತು, ಅಷ್ಟೇ.

ಅವರಿಗೆ ಮಾತು ಬಾರದು ಎಂಬುದನ್ನು ನಾನು ಒಪ್ಪಲಿಲ್ಲ. ಅವರ ಕೆಲಸದ ಬಗ್ಗೆ ಕೇಳಿದೆ. ಬಿಡಿಯಾಗಿ ಮಾರುವ ಬೆಲ್ಲಕ್ಕೂ, ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾರುವ ಬೆಲ್ಲಕ್ಕೂ ತೆರಿಗೆ ಏಕೆ ಬೇರೆ, ಅದರಿಂದ ಸಣ್ಣ ವ್ಯಾಪಾರಿ ಎಲ್ಲಿ ಎಡವುತ್ತಾನೆ ಎಂದು ಹತ್ತು ನಿಮಿಷ ನಿಲ್ಲಿಸದೆ ಹೇಳಿದರು. ತೆರಿಗೆಯ ಗಂಧವಿಲ್ಲದ ನನಗೂ ಅರ್ಥವಾಯಿತು. “ಈಗ ಮಾತಾಡಿದವರು ಯಾರು?” ಎಂದೆ. ನಕ್ಕರು.

ಹಾಗಾಗಿ ಭಾಷಣ ಕಲಿಸುವ ಯೋಚನೆ ಬಿಟ್ಟು, ಯಾರ ಜೊತೆ ಮಾತಾಡಬೇಕು ಎಂಬುದಕ್ಕೆ ಕೂತೆವು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಇಲ್ಲಿ ನನಗೆ ಯಾವಾಗಲೂ ನೆರವಾಗುತ್ತದೆ. ಪರಿಚಯದ ಮೂಲಕ ಕೆಲಸ ಸಿಕ್ಕಿದವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟವರು ಬಹುಪಾಲು ದಿನಾ ಸಿಗುವ ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯಸ್ಥರು ಎಂದು ಕಂಡಿತು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! ಇವರ ಐವರು ನೆಂಟರು ಹೊಸಬರನ್ನು ತರದಿದ್ದಕ್ಕೆ ಕಾರಣವೂ ಅದೇ.

ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆವು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಸದಾಗಿ ಅಂಗಡಿ ತೆರೆಯುವವನು ನಿಮ್ಮ ಬಾಗಿಲಿಗೆ ಬರುವ ಮುಂಚೆ ಯಾರ ಬಾಗಿಲು ತಟ್ಟುತ್ತಾನೆ? ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು: ಬಾಡಿಗೆ ಕರಾರು ಮಾಡಿಸಲು ಪತ್ರ ಬರಹಗಾರ, ಸಾಲಕ್ಕೆ ಬ್ಯಾಂಕಿನವರು, ಬಿಲ್ ಬುಕ್ಕಿಗೆ ಪ್ರಿಂಟಿಂಗ್ ಪ್ರೆಸ್, ಕಂಪ್ಯೂಟರ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಹುಡುಗ. ಹೀಗೆ ಹನ್ನೊಂದು ಹೆಸರಾದವು. ಎಲ್ಲರೂ ಪರಿಚಯದವರೇ, ಮಾತಾಡಿ ವರ್ಷದ ಮೇಲಾಗಿತ್ತು.

ತಿಂಗಳಿಗೆ ಇಬ್ಬರು, ಅದಕ್ಕಿಂತ ಹೆಚ್ಚು ಬೇಡ ಎಂದೆ. ದಿನವನ್ನು ಅವರ ಕಸುಬೇ ಗೊತ್ತು ಮಾಡಿತು. ಸಾಮಾನ್ಯವಾಗಿ ಮಾರಾಟದ ವಿವರ ಸಲ್ಲಿಸಲು 11, ತೆರಿಗೆ ರಿಟರ್ನಿಗೆ 20 ಕೊನೆಯ ದಿನ. ಆ ನಡುವೆ ಯಾರನ್ನು ಭೇಟಿಯಾದರೂ ಮನಸ್ಸು ಕಚೇರಿಯಲ್ಲೇ ಇರುತ್ತದೆ. ಹಾಗಾಗಿ 21ರ ನಂತರ, ಬೆಳಿಗ್ಗೆ, ಕಾಫಿ ಕುಡಿಯುವಷ್ಟು ಹೊತ್ತು, ಮುಕ್ಕಾಲು ಗಂಟೆ ಮೀರದಂತೆ. ಮುಗಿಯುವ ಹೊತ್ತು ಮೊದಲೇ ಗೊತ್ತಿದ್ದರೆ ಇವರಂಥವರು ನಿರಾಳವಾಗಿ ಕೂರುತ್ತಾರೆ.

ಅವರು ಬರೆದು ತಂದ ಮೊದಲ ಮೆಸೇಜ್, “ಸರ್, ಸ್ವಂತ ಆಫೀಸ್ ಮಾಡಿದ್ದೀನಿ, ಪಾರ್ಟಿ ಯಾರಾದ್ರೂ ಇದ್ರೆ ಕಳಿಸಿ.” ಓದಿದವರು ‘ಆಯ್ತು’ ಎಂದು ಬರೆದು ಮರೆತುಬಿಡುತ್ತಾರೆ. ತಿದ್ದಿದ ಮೇಲೆ ಪ್ರೆಸ್ಸಿನವರಿಗೆ ಹೋದದ್ದು ಹೀಗಿತ್ತು: “ಅಣ್ಣ, ಹೊಸ ಅಂಗಡಿಯವರು ಬಿಲ್ ಬುಕ್ ಮಾಡಿಸೋವಾಗ ಏನೇನು ಗೊಂದಲ ಮಾಡ್ಕೋತಾರೆ ಅಂತ ನಿಮ್ಮಿಂದ ತಿಳ್ಕೋಬೇಕಿತ್ತು. ಗುರುವಾರ ಬೆಳಿಗ್ಗೆ ಅರ್ಧ ಗಂಟೆ ಬರಲಾ?” ಅರ್ಧ ಗಂಟೆಯಲ್ಲೇ ಉತ್ತರ ಬಂತು.

ಆದರೆ ಆ ಭೇಟಿ ಅರ್ಧ ಕೆಟ್ಟಿತು. ಮುಕ್ಕಾಲು ಗಂಟೆ ಕಿವಿಗೊಟ್ಟು ಕೇಳಿ, ತಾನು ಏನು ಕೆಲಸ ಮಾಡುತ್ತೇನೆಂದು ಹೇಳದೆ ಎದ್ದು ಬಂದಿದ್ದರು. ಪ್ರೆಸ್ಸಿನವರು ಇನ್ನೂ ಅವರನ್ನು ‘ಆಡಿಟರ್ ಆಫೀಸಿನ ಹುಡುಗ’ ಎಂದೇ ತಿಳಿದಿದ್ದರು. ಕಡಿಮೆ ಮಾತಿನವರಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು. ಚೆನ್ನಾಗಿ ಕೇಳುವುದು ಅವರ ಬಲ, ಆದರೆ ಅದರ ಹಿಂದೆಯೇ ಅಡಗಿ ಕೂರುತ್ತಾರೆ. ಇದನ್ನು ಪತ್ತೆಹಚ್ಚಲು ಒಂದು ದಾರಿ ಹೇಳಿದೆ: ಹೊರಗೆ ಬಂದ ಕೂಡಲೇ ಡೈರಿಯಲ್ಲಿ ಎರಡು ಸಾಲು ಬರೆಯಿರಿ. ಅವರ ಬಗ್ಗೆ ನನಗೆ ಹೊಸದಾಗಿ ಏನು ಗೊತ್ತಾಯಿತು, ನನ್ನ ಬಗ್ಗೆ ಅವರಿಗೆ ಏನು ಗೊತ್ತಾಯಿತು. ಎರಡನೇ ಸಾಲು ಖಾಲಿ ಉಳಿದರೆ ಎರಡು ದಿನದೊಳಗೆ ತುಂಬಬೇಕು.

ತುಂಬಿದ ರೀತಿ ನನಗೆ ಬಹಳ ಹಿಡಿಸಿತು. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅವರ ಬಿಲ್ಲಿನ ಮೇಲ್ಭಾಗದಲ್ಲಿ ಆ ಮಾತು ಅಚ್ಚಾಗಿರಬೇಕು. ಅದು ಬಿಟ್ಟುಹೋಗಿ ಬಿಲ್ ಬುಕ್ ವಾಪಸ್ ಬರುತ್ತವೆ ಎಂದು ಪ್ರೆಸ್ಸಿನವರು ಗೊಣಗಿದ್ದರಂತೆ. ಇವರು ಸಾಮಾನ್ಯ ಬಿಲ್ಲಿಗೂ ಕಾಂಪೊಸಿಷನ್ ಬಿಲ್ಲಿಗೂ ಮಾದರಿ ಹಾಳೆ ಬರೆದು, ಕೆಳಗೆ ಸಣ್ಣದಾಗಿ ತಮ್ಮ ಹೆಸರು, ಕೆಲಸ, ನಂಬರ್ ಹಾಕಿ ಕೊಟ್ಟು ಬಂದರು. ಆ ಹಾಳೆ ಕೌಂಟರಿನ ಗಾಜಿನಡಿ ಸೇರಿತು.

ಮೂರನೇ ತಿಂಗಳು ಪತ್ರ ಬರಹಗಾರರು, ಪ್ರೆಸ್ಸಿನವರು, ಸಾಫ್ಟ್‌ವೇರ್ ಹುಡುಗ, ಇವರು, ನಾಲ್ವರು ತಿಂಗಳಿಗೊಮ್ಮೆ ಒಟ್ಟಿಗೆ ತಿಂಡಿಗೆ ಸೇರತೊಡಗಿದರು. ಎಲ್ಲರೂ ಉತ್ಸಾಹದಿಂದ ಸ್ನೇಹಿತರನ್ನು ಕರೆತಂದು ಎರಡೇ ತಿಂಗಳಲ್ಲಿ ಒಂಬತ್ತು ಜನರಾದರು. ಇವರು ಮತ್ತೆ ಮೂಕರಾದರು. ಒಂದು ಮಾತುಕತೆ ಸುಮಾರು ನಾಲ್ವರವರೆಗೆ ಒಂದಾಗಿ ನಿಲ್ಲುತ್ತದೆ, ಅದನ್ನು ದಾಟಿದರೆ ಒಡೆಯುತ್ತದೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದಾರೆ. ಒಂದೇ ಮೇಜಿನಲ್ಲಿ ಎರಡು ಮಾತು ಶುರುವಾದರೆ ಗುಂಪು ದೊಡ್ಡದಾಯಿತು ಎಂದೇ ಅರ್ಥ. ಯಾರನ್ನೂ ಹೊರಗೆ ಹಾಕಬೇಕಿಲ್ಲ, ಎರಡು ಮೇಜು ಮಾಡಿ ಎಂದೆ. ‘ಗದ್ದಲದಲ್ಲಿ ನನಗೆ ಕೇಳಿಸೋಲ್ಲ’ ಎಂದು ನಿಜವನ್ನೇ ಹೇಳಿ ಹಾಗೇ ಮಾಡಿದರು.

ಒಂಬತ್ತು ತಿಂಗಳಲ್ಲಿ ಹೊಸ ಗಿರಾಕಿಗಳು ಎಂಟು. ಐದು ಜನ ಬಂದದ್ದು ಪ್ರೆಸ್ಸಿನ ಗಾಜಿನಡಿಯ ಹಾಳೆಯಿಂದ. ಬ್ಯಾಂಕಿನವರಿಂದ ಒಬ್ಬರೂ ಬರಲಿಲ್ಲ. ಇದು ನಿಧಾನದ ದಾರಿ. ಮೊದಲ ನಾಲ್ಕು ತಿಂಗಳು ಏನೂ ಕಾಣಲಿಲ್ಲ, ಆ ಹೊತ್ತಿನ ಬಾಡಿಗೆ ಹೆಂಡತಿಯ ಸಂಬಳದಿಂದ ನಡೆಯಿತು. ಆ ಆಸರೆ ಇಲ್ಲದಿದ್ದರೆ ಹಳೆಯ ಆಡಿಟರ್ ಬಳಿ ಅರ್ಧ ದಿನದ ಕೆಲಸ ಉಳಿಸಿಕೊಳ್ಳಿ ಎಂದೇ ಹೇಳುತ್ತಿದ್ದೆ.

ಕೊನೆಯ ಭೇಟಿಯಲ್ಲಿ ಅವರ ಪ್ರಶ್ನೆ ಒಂದು ಮದುವೆಯದು. ಅಕ್ಕಿ ಗಿರಣಿಯವರ ಮಗಳ ಮದುವೆ, ಸಾವಿರ ಜನ ಸೇರುತ್ತಾರೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಸಂಜೆಯ ಆರತಕ್ಷತೆಯ ಸಾಲಿನಲ್ಲಿ ನಿಲ್ಲುವುದು ಬೇಡ, ಮರುದಿನ ಮುಹೂರ್ತಕ್ಕೆ ಮುಂಚೆ ತಿಂಡಿಯ ಹೊತ್ತಿಗೆ ಹೋಗಿ ಎಂದೆ. ಆಗ ಜನ ಕಡಿಮೆ, ಅಕ್ಕಪಕ್ಕ ಕೂತವರು ಇಬ್ಬರೇ. ಪತ್ರ ಬರಹಗಾರರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ರೈಲಿಗೆ ಹೊರಟರು.