ಸಾಲುಗಳು ಬಿಡಿಬಿಡಿಯಾಗಿ ನಿಲ್ಲುವ ಕವನವನ್ನು ತಿದ್ದುವುದು ಹೇಗೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಈ ಕವನ ಓದಿದೆ. "ಪ್ರತಿ ಸಾಲೂ ಅಲ್ಲಲ್ಲೇ ಮುಗಿಯುತ್ತೆ, ಮುಂದಕ್ಕೆ ಹೋಗೋದೇ ಇಲ್ಲ" ಅಂದರು. ಹೇಗೆ ಸರಿಮಾಡಲಿ?

ದಾದರ್ ಸೇತುವೆ ಮೇಲೆ ಮಳೆ ಸುರಿಯುತ್ತಿದೆ.
ಹೂವಿನವಳು ಬುಟ್ಟಿ ಮುಚ್ಚಿದ್ದಾಳೆ.
ಲೋಕಲ್ ತಡವಾಗಿದೆ.
ಊರು ನೆನಪಾಗುತ್ತಿದೆ.

ಉತ್ತರ: ಎರಡನೇ ಮತ್ತು ಮೂರನೇ ಸಾಲನ್ನು ಅದಲುಬದಲು ಮಾಡಿ ಓದಿ. ಏನೂ ಕೆಡುವುದಿಲ್ಲ, ಅಲ್ಲವೇ? ಒಂದು ಸಾಲಿಗೆ ಇನ್ನೊಂದರ ಅಗತ್ಯವೇ ಬಿದ್ದಿಲ್ಲ. ನಾಲ್ಕೂ ಕಡೆ ಪೂರ್ಣ ಕ್ರಿಯಾಪದ ಬಂದು ಬಾಗಿಲು ಹಾಕಿಬಿಟ್ಟಿದೆ.

"ಮತ್ತು", "ಆಗ" ಸೇರಿಸಿದರೆ ಸಾಲದು, ಅದು ಬರೀ ಹೊಲಿಗೆ. ಮೊದಲು ಕಾರಣ ಹುಡುಕಿ: ಊರು ನೆನಪಾದದ್ದು ಯಾವುದರಿಂದ? ನಿಮ್ಮ ಸಾಲುಗಳಲ್ಲಿ ಅದಕ್ಕೆ ಉತ್ತರವಿಲ್ಲ. ಬುಟ್ಟಿಯೊಳಗಿನ ಮಲ್ಲಿಗೆಯಿಂದ ಎಂದಿಟ್ಟುಕೊಳ್ಳೋಣ. ಈಗ "ಮುಚ್ಚಿದ್ದಾಳೆ" ಎನ್ನುವುದನ್ನು "ಮುಚ್ಚಿದ" ಎಂದು ಮಾಡಿ, ಸಾಲನ್ನು ಅಲ್ಲೇ ಮುರಿಯಿರಿ. ಏನನ್ನು ಮುಚ್ಚಿದಳು ಎಂದು ತಿಳಿಯಲು ಓದುಗ ಕೆಳಗಿಳಿಯಲೇಬೇಕು.

ದಾದರ್ ಸೇತುವೆ. ಮಳೆಗೆ ಹೂವಿನವಳು ಮುಚ್ಚಿದ
ಬುಟ್ಟಿಯಿಂದ ನುಸುಳಿ ಬಂದ ಮಲ್ಲಿಗೆಯ ಘಮ
ಊರಿನ ಅಂಗಳಕ್ಕೆ ಕರೆದೊಯ್ದಿತು.
ಲೋಕಲ್ ಇನ್ನೂ ಬಂದಿಲ್ಲ.

"ನುಸುಳಿ", "ಬಂದ" ಇಂಥ ಅಪೂರ್ಣ ರೂಪಗಳು ಕನ್ನಡದಲ್ಲಿ ಧಾರಾಳವಾಗಿವೆ, ಬಳಸಿಕೊಳ್ಳಿ. ಆದರೆ ಎಲ್ಲ ಸಾಲನ್ನೂ ಹೀಗೆ ಹರಿಯಬಿಟ್ಟರೆ ಓದುವವರಿಗೆ ಉಸಿರು ಕಟ್ಟುತ್ತದೆ. ಕೊನೆಯ ಸಾಲನ್ನು ನಾನು ಬೇಕೆಂದೇ ಪೂರ್ಣವಾಗಿ ಬಿಟ್ಟಿದ್ದೇನೆ. ಮೇಲಿನ ಮೂರು ಸಾಲು ಊರಿಗೆ ಹೋದ ಮೇಲೆ ಅದು ಮನಸ್ಸನ್ನು ಮತ್ತೆ ಪ್ಲಾಟ್‌ಫಾರ್ಮಿಗೆ ಎಳೆಯುತ್ತದೆ, ಹಾಗಾಗಿ ಅದನ್ನು ಬೇರೆಲ್ಲೂ ಇಡಲಾಗದು.